ದಮ್ಮಾಮ್‌ಗೆ ಹೊರಟವನಿಗೆ ಅರಬಿ ಕುಶಲೋಪರಿಯ ಮಾತುಗಳು: ಕನ್ನಡ ಅಕ್ಷರದಲ್ಲಿ ಹೇಗೆ ಬರೆದುಕೊಡಲಿ?

ಬೈಂದೂರಿನ ಭಾವ:
ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಯ ತಮ್ಮ ಮುಂದಿನ ತಿಂಗಳು ಸೌದಿಯ ದಮ್ಮಾಮ್‌ಗೆ ಹೊರಟಿದ್ದಾನೆ. ಎಂಜಿನಿಯರಿಂಗ್ ಸಂಸ್ಥೆಯೊಂದರ ಕಚೇರಿಯಲ್ಲಿ ಆಫೀಸ್ ಬಾಯ್ ಕೆಲಸ. ಚಹಾ, ಕಾಫಿ ಕೊಡುವುದು, ಕಾಗದಪತ್ರ ಒಂದು ಮೇಜಿನಿಂದ ಇನ್ನೊಂದಕ್ಕೆ ಮುಟ್ಟಿಸುವುದು, ಬಂದವರನ್ನು ಕೂರಿಸುವುದು. ವೀಸಾ, ವೈದ್ಯಕೀಯ ತಪಾಸಣೆ ಎಲ್ಲವೂ ಮುಗಿದಿದೆ, ಆ ವಿಷಯ ಇಲ್ಲಿ ಬೇಡ. ಅವನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಹಿಂದಿ ಮಾತು ತಕ್ಕಮಟ್ಟಿಗೆ ಬರುತ್ತದೆ, ಇಂಗ್ಲಿಷ್ ಓದುವುದು ನಿಧಾನ. ಆದ್ದರಿಂದ ಮೊದಲ ವಾರದಲ್ಲೇ ಬೇಕಾಗುವ ಅರಬಿ ವಂದನೆ ಮತ್ತು ಮರ್ಯಾದೆಯ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವಂತೆ ಒಂದು ಹಾಳೆ ಮಾಡಿಕೊಡಬೇಕೆಂದಿದ್ದೇನೆ. ಮೊಬೈಲ್‌ನಲ್ಲಿ ಓಡಾಡುತ್ತಿರುವ ಒಂದು ಪಟ್ಟಿಯಲ್ಲಿ ‘ಅಸ್ಸಲಾಮು ಅಲೈಕುಮ್, ಶುಕ್ರನ್, ಇನ್ಶಾ ಅಲ್ಲಾಹ್’ ಎಂದು ನೂರಾರು ಪದಗಳಿವೆ, ಆದರೆ ಯಾವುದನ್ನು ಯಾರು ಯಾರಿಗೆ ಯಾವಾಗ ಹೇಳಬೇಕೆಂಬುದು ಅದರಲ್ಲಿಲ್ಲ. ಇನ್ನೂ ಒಂದು ಸಂದೇಹವಿದೆ: ನಾವು ಹಿಂದೂಗಳು, ಅವನು ಸಲಾಮ್ ಹೇಳಿದರೆ ತಪ್ಪು ತಿಳಿಯುವರೇ?

ಖೋಬರ್ ವಾಸಿ:
ನಾನು ದಮ್ಮಾಮ್‌ಗೆ ಹೊಂದಿಕೊಂಡಿರುವ ಖೋಬರ್‌ನಲ್ಲಿ ಬಹಳ ವರ್ಷಗಳಿಂದ ಕಚೇರಿ ಆಡಳಿತದ ಕೆಲಸದಲ್ಲಿದ್ದೇನೆ. ಹೊಸದಾಗಿ ಬರುವ ಹುಡುಗರನ್ನು ಕೆಲಸಕ್ಕೆ ಹಚ್ಚುವುದು ನನ್ನದೇ ಜವಾಬ್ದಾರಿ. ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಸಲಾಮ್ ಹೇಳುವುದಕ್ಕೆ ಧರ್ಮ ಅಡ್ಡಿಯಿಲ್ಲ. ಇಲ್ಲಿನ ಕಚೇರಿಗಳಲ್ಲಿ ಫಿಲಿಪ್ಪೀನ್ಸ್‌ನವರು, ಕೇರಳದ ಕ್ರೈಸ್ತರು, ನೇಪಾಳಿಗಳು ಎಲ್ಲರೂ ಹೇಳುತ್ತಾರೆ. ಸಂಕೋಚ ಎನ್ನಿಸಿದರೆ ಬೆಳಿಗ್ಗೆ ‘ಸಬಾಹ್ ಅಲ್ ಖೇರ್’, ಮಧ್ಯಾಹ್ನದ ಮೇಲೆ ‘ಮಸಾ ಅಲ್ ಖೇರ್’ ಎಂದರೂ ಸಾಕು.

ಇನ್ನು ಪಟ್ಟಿಯ ವಿಷಯ. ಪದಗಳನ್ನು ಒಂದೊಂದಾಗಿ ಬರೆಯಬೇಡಿ, ಜೋಡಿಯಾಗಿ ಬರೆಯಿರಿ. ಅರಬಿಯಲ್ಲಿ ಮರ್ಯಾದೆಯ ಮಾತಿಗೆ ಮರುಮಾತು ಗೊತ್ತುಮಾಡಿಟ್ಟದ್ದು ಇರುತ್ತದೆ, ಆ ಮರುಮಾತು ಬಾರದೇ ಹೋದಾಗ ಎದುರಿನವರಿಗೆ ಸಂಭಾಷಣೆ ಅರ್ಧಕ್ಕೇ ನಿಂತಂತಾಗುತ್ತದೆ. ಹೊಸ ಹುಡುಗನಿಗೆ ತಾನಾಗಿ ಮಾತು ತೆಗೆಯುವ ಸಂದರ್ಭ ಕಡಿಮೆ, ಬಂದ ಮಾತಿಗೆ ಉತ್ತರ ಕೊಡುವ ಸಂದರ್ಭವೇ ಹೆಚ್ಚು. ಆದ್ದರಿಂದ ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಕೇಳಿಸುವ ಮಾತು, ಬಲಗಡೆ ಹೇಳಬೇಕಾದ ಮಾತು ಎಂದು ಬರೆಯಿರಿ:

‘ಅಸ್ಸಲಾಮು ಅಲೈಕುಮ್’ — ‘ವ ಅಲೈಕುಮುಸ್ಸಲಾಮ್’
‘ಸಬಾಹ್ ಅಲ್ ಖೇರ್’ — ‘ಸಬಾಹ್ ಅನ್ನೂರ್’
‘ಮಸಾ ಅಲ್ ಖೇರ್’ — ‘ಮಸಾ ಅನ್ನೂರ್’
‘ಕೇಫ್ ಹಾಲಕ್?’ ಅಥವಾ ‘ಶ್ಲೋನಕ್?’ — ‘ಅಲ್ ಹಮ್ದುಲಿಲ್ಲಾಹ್’
‘ಶುಕ್ರನ್’ ಅಥವಾ ‘ಮಶ್ಕೂರ್’ — ‘ಅಫ್ವನ್’
‘ಯಅತೀಕ್ ಅಲ್ ಆಫಿಯಾ’ — ‘ಅಲ್ಲಾಹ್ ಯಆಫೀಕ್’
‘ಮಅಸ್ಸಲಾಮಾ’ — ‘ಫೀ ಅಮಾನಿಲ್ಲಾಹ್’

ನಾಲ್ಕನೆಯದು ಕುಶಲ ಕೇಳುವ ಮಾತು, ಐದನೆಯದು ಧನ್ಯವಾದ, ಕೊನೆಯದು ಬೀಳ್ಕೊಡುವಾಗಿನದು. ಇವುಗಳಲ್ಲಿ ಆರನೆಯ ಜೋಡಿ ಆಫೀಸ್ ಬಾಯ್ ಕೆಲಸಕ್ಕೆ ಅತಿ ಮುಖ್ಯ. ಮೊಬೈಲಿನ ಪಟ್ಟಿಗಳಲ್ಲಿ ನಾನು ಕಂಡಂತೆ ಅದೇ ಇರುವುದಿಲ್ಲ. ಕೆಲಸ ಮಾಡುತ್ತಿರುವವನನ್ನು ಕಂಡಾಗ, ಅಥವಾ ಅವನು ಕೆಲಸ ಮುಗಿಸಿದಾಗ, ‘ದೇವರು ನಿನಗೆ ಆರೋಗ್ಯ, ಶಕ್ತಿ ಕೊಡಲಿ’ ಎಂದು ಹಾರೈಸುವ ಮಾತದು. ಚಹಾ ಇಟ್ಟು ತಿರುಗುವಷ್ಟರಲ್ಲಿ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುತ್ತದೆ. ಅದಕ್ಕೆ ‘ಅಫ್ವನ್’ ಎಂದರೂ ನಡೆಯುತ್ತದೆ, ಆದರೆ ‘ಅಲ್ಲಾಹ್ ಯಆಫೀಕ್’ ಎಂದಾಗ ಎದುರಿನವರ ಮುಖ ಅರಳುವುದನ್ನು ನೀವೇ ನೋಡುತ್ತೀರಿ. ಅವನೂ ಅದೇ ಮಾತನ್ನು ಕಾವಲುಗಾರನಿಗೆ, ಕಸ ಗುಡಿಸುವವನಿಗೆ, ಗಂಟೆಗಟ್ಟಲೆ ಕೂತು ಲೆಕ್ಕ ಬರೆಯುತ್ತಿರುವ ಗುಮಾಸ್ತನಿಗೆ ಹೇಳಬಹುದು.

ಭಟ್ಕಳದ ಓದುಗ:
ಖೋಬರ್ ವಾಸಿಯವರು ಕೊಟ್ಟಿರುವುದು ಆಡುಮಾತು. ಕಲಿಯುವಾಗಲೇ ಶುದ್ಧವಾಗಿ ಕಲಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಾನು ಮದರಸಾದಲ್ಲಿ ಅರಬಿ ವ್ಯಾಕರಣ ಓದಿದವನು. ‘ಕೇಫ್ ಹಾಲಕ್’ ಎಂಬುದರ ಸರಿಯಾದ ರೂಪ ‘ಕೈಫ ಹಾಲುಕ’, ಉತ್ತರ ‘ಅನಾ ಬಿಖೈರಿನ್, ವಲ್ ಹಮ್ದುಲಿಲ್ಲಾಹ್’. ‘ಶ್ಲೋನಕ್’ ಎಂಬ ಪದ ಯಾವ ಗ್ರಂಥದಲ್ಲೂ ಸಿಗುವುದಿಲ್ಲ. ಶುದ್ಧ ಅರಬಿ ಕಲಿತರೆ ಮೊರಾಕ್ಕೊದಿಂದ ಇರಾಕ್‌ವರೆಗೆ ಎಲ್ಲಿ ಹೋದರೂ ಅರ್ಥವಾಗುತ್ತದೆ.

ಖೋಬರ್ ವಾಸಿ:
ಅರ್ಥವಾಗುತ್ತದೆ ಎಂಬುದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಬೈಂದೂರಿನ ಹುಡುಗ ಕೇಳಿಸಿಕೊಳ್ಳುವುದು ‘ಕೈಫ ಹಾಲುಕ’ ಅಲ್ಲ. ಇಲ್ಲಿ ಯಾರೂ ಪದಾಂತ್ಯದ ಸ್ವರಗಳನ್ನು ಉಚ್ಚರಿಸುವುದಿಲ್ಲ. ಅವನು ಹಾಗೆ ಮಾತನಾಡಿದರೆ ವಾರ್ತೆ ಓದುವವನಂತೆ ಕಾಣುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಪುಸ್ತಕದ ರೂಪವನ್ನೇ ಬರೆದುಕೊಂಡವನಿಗೆ ‘ಶ್ಲೋನಕ್’, ‘ಶಖ್‌ಬಾರಕ್’ ಎಂದು ಕೇಳಿದಾಗ ತನ್ನ ಕುಶಲವನ್ನೇ ಕೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ನಿಮ್ಮ ಮಾತಿನಲ್ಲಿ ಒಂದು ಅಂಶವನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ: ಸಲಾಮ್ ಮತ್ತು ಅದರ ಉತ್ತರವನ್ನು ನುಂಗದೆ, ಪೂರ್ತಿಯಾಗಿ ಹೇಳಬೇಕು. ‘ಸಾಮಲೈಕುಂ’ ಎಂದು ಗೊಣಗುವುದು ಆಪ್ತರ ನಡುವೆ ನಡೆಯುತ್ತದೆ, ಹೊಸಬನ ಬಾಯಲ್ಲಿ ಚೆನ್ನಾಗಿರುವುದಿಲ್ಲ.

ಯಾರು ಮೊದಲು ಹೇಳಬೇಕು ಎಂಬುದನ್ನೂ ಬರೆದುಕೊಡಿ. ಒಳಗೆ ಬರುವವನು ಒಳಗಿರುವವರಿಗೆ, ನಡೆದು ಹೋಗುವವನು ಕುಳಿತವರಿಗೆ, ಕೆಲವರು ಹಲವರಿಗೆ ಹೇಳುವುದು ರೂಢಿ. ಹತ್ತು ಜನ ಕುಳಿತ ಕೋಣೆಗೆ ಟ್ರೇ ಹಿಡಿದು ಹೋದರೆ ಬಾಗಿಲಲ್ಲಿ ಒಂದೇ ಸಲ ಹೇಳಿದರೆ ಸಾಕು. ಆದರೆ ಅಲ್ಲಿ ಸಭೆ ನಡೆಯುತ್ತಿದ್ದರೆ ಮೆಲ್ಲಗೆ ಹೇಳಬೇಕು, ಯಾರೋ ಒಬ್ಬರು ಉತ್ತರಿಸಿದರೂ ಎಲ್ಲರೂ ಉತ್ತರಿಸಿದಂತೆಯೇ.

ರಾಯಚೂರಿನವ, ಈಗ ದುಬೈ:
ಇಷ್ಟೆಲ್ಲ ಏಕೆ ಎಂದು ನನಗೆ ಅನ್ನಿಸುತ್ತದೆ. ನಾನು ದುಬೈಯಲ್ಲಿ ಟ್ರೇಲರ್ ಓಡಿಸುತ್ತೇನೆ, ಹಿಂದಿಯಲ್ಲಿಯೇ ಎಲ್ಲ ನಡೆಯುತ್ತದೆ. ಅರಬಿಯಲ್ಲಿ ತೊಂದರೆಯಿಲ್ಲ ಎನ್ನಲು ‘ಮಾಫಿ ಮುಶ್ಕಿಲ್’, ನೇರ ಎನ್ನಲು ‘ಸೀದಾ’, ಮುಗಿಯಿತು ಎನ್ನಲು ‘ಖಲಾಸ್’, ನಡಿ ಎನ್ನಲು ‘ಯಲ್ಲಾ’ ಇಷ್ಟು ಬಂದರೆ ಸಾಕು. ‘ಸೀದಾ’ ಅಂತೂ ನಮ್ಮದೇ ಮಾತು. ಹುಡುಗನಿಗೆ ಅರಬಿ ಕಲಿಯುವ ಆಸೆ ಇದ್ದರೆ 28 ಅಕ್ಷರಗಳನ್ನು ಮೊದಲು ಕಲಿಯಲಿ, ರಸ್ತೆಯ ಫಲಕ ಓದಲು ಅನುಕೂಲವಾಗುತ್ತದೆ. ಅದಕ್ಕೆ ಒಳ್ಳೆಯ ವಿಡಿಯೊಗಳಿವೆ.

ಬೈಂದೂರಿನ ಭಾವ:
ಧನ್ಯವಾದಗಳು ಅಣ್ಣಾ. ಆದರೆ ಅವನು ಫಲಕ ಓದುವ ಕೆಲಸಕ್ಕೆ ಹೋಗುತ್ತಿಲ್ಲ, ಜನರ ಎದುರು ನಿಲ್ಲುವ ಕೆಲಸಕ್ಕೆ ಹೋಗುತ್ತಿದ್ದಾನೆ. ನೀವು ಹೇಳಿದ ‘ಯಲ್ಲಾ’, ‘ಖಲಾಸ್’ ಎಂಬ ಮಾತುಗಳನ್ನು ಮೇಲಧಿಕಾರಿಗೂ ಹೇಳಬಹುದೇ? ಅದನ್ನೇ ಕೇಳಬೇಕೆಂದಿದ್ದೆ.

ಖೋಬರ್ ವಾಸಿ:
ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನಮ್ಮವರ ಅರಬಿ ಕೆಡುವುದು ಇಲ್ಲಿಯೇ. ಹೊಸ ಕೆಲಸಗಾರನ ಕಿವಿಗೆ ದಿನವಿಡೀ ಬೀಳುವುದು ಆಜ್ಞೆಗಳು: ‘ತಆಲ್’ ಎಂದರೆ ಬಾ, ‘ರೂಹ್’ ಎಂದರೆ ಹೋಗು, ‘ಜೀಬ್ ಚಾಯ್’ ಎಂದರೆ ಚಹಾ ತಾ. ಅವನು ಕಲಿಯುವುದೂ ಅವನ್ನೇ. ಒಂದು ತಿಂಗಳ ನಂತರ ಮ್ಯಾನೇಜರ್ ಸಾಹೇಬರನ್ನು ಫೋನಿಗೆ ಕರೆಯಬೇಕಾದಾಗ, ಗೊತ್ತಿರುವುದು ಅದೊಂದೇ ಮಾತಾದ್ದರಿಂದ, ‘ಮುದೀರ್, ತಆಲ್’ ಎಂದುಬಿಡುತ್ತಾನೆ. ಇದು ನಮ್ಮಲ್ಲಿ ಹೆಡ್‌ಮಾಸ್ತರರನ್ನು ‘ಬಾರೋ’ ಎಂದಂತೆ. ಹೆಚ್ಚಿನವರು ನಕ್ಕು ಬಿಡುತ್ತಾರೆ, ಪರದೇಶದವನಿಗೆ ಭಾಷೆ ಬಾರದು ಎಂದು ಕ್ಷಮಿಸುತ್ತಾರೆ; ಆದರೆ ಹೊರಗಿನ ಅತಿಥಿಗಳ ಎದುರಿನಲ್ಲಿ ಆದರೆ ಮುಜುಗರವಾಗುತ್ತದೆ.

ಅದಕ್ಕೆ ಬದಲಾಗಿ ‘ತ್ಫದ್ದಲ್’ ಎಂಬ ಒಂದೇ ಮಾತು ಸಾಕು. ಒಳಗೆ ಬನ್ನಿ, ಕುಳಿತುಕೊಳ್ಳಿ, ತೆಗೆದುಕೊಳ್ಳಿ, ಮುಂದೆ ಹೋಗಿ, ಮಾತು ಹೇಳಿ — ಇವೆಲ್ಲಕ್ಕೂ ಕೈಯನ್ನು ಸ್ವಲ್ಪ ಚಾಚಿ ‘ತ್ಫದ್ದಲ್’ ಎಂದರೆ ಆಯಿತು. ಹೆಂಗಸರಿಗೆ ‘ತ್ಫದ್ದಲೀ’, ಹಲವರಿಗೆ ‘ತ್ಫದ್ದಲೂ’. ಏನನ್ನಾದರೂ ಕೇಳಬೇಕಿದ್ದರೆ, ದಾರಿ ಬಿಡಿಸಿಕೊಳ್ಳಬೇಕಿದ್ದರೆ, ಮಾತಿನ ನಡುವೆ ಬಾಯಿ ಹಾಕಬೇಕಿದ್ದರೆ ಮೊದಲು ‘ಲೌ ಸಮಹ್ತ್’ ಎನ್ನಬೇಕು, ಹೆಂಗಸರಿಗೆ ‘ಲೌ ಸಮಹ್ತೀ’. ‘ಯಲ್ಲಾ’ ಮತ್ತು ‘ಖಲಾಸ್’ ಕೆಟ್ಟ ಮಾತುಗಳೇನಲ್ಲ, ಆದರೆ ಅವು ಸರೀಕರ ನಡುವಿನ ಮಾತುಗಳು. ಮ್ಯಾನೇಜರ್ ಇನ್ನೂ ಮಾತನಾಡುತ್ತಿರುವಾಗ ‘ಖಲಾಸ್’ ಎಂದರೆ ‘ಸಾಕು ಮಾಡಿ’ ಎಂದಂತೆ ಕೇಳಿಸೀತು.

ಕೆಲಸ ಹೇಳಿದಾಗ ಒಪ್ಪಿಗೆಗೆ ‘ಹಾದಿರ್’ ಎನ್ನಲಿ. ಸೌದಿಗಳು ‘ಅಬ್ಶಿರ್’ ಎಂದೂ ಹೇಳುತ್ತಾರೆ. ‘ಸಂತೋಷದಿಂದ ಮಾಡಿಕೊಡುತ್ತೇನೆ’ ಎಂಬ ಭಾವ ಅದರಲ್ಲಿದೆ. ಇಲ್ಲಿನ ಗೃಹ ಸಚಿವಾಲಯದ ಆನ್‌ಲೈನ್ ಸೇವೆಗೂ ಅದೇ ಹೆಸರು, ಇಕಾಮಾ ಎಂಬ ವಾಸದ ಪರವಾನಗಿ ಕೈಗೆ ಬಂದ ಮೇಲೆ ಅವನಿಗೆ ಅದೂ ಪರಿಚಯವಾಗುತ್ತದೆ.

ಕುವೈತಿನ ದಾದಿ, ಊರು ಉಡುಪಿ:
ಗಂಡಸರ ರೂಪಗಳನ್ನಷ್ಟೇ ಬರೆದುಕೊಟ್ಟರೆ ಕಷ್ಟ, ಏಕೆಂದರೆ ಕಚೇರಿಗಳಲ್ಲಿ ಈಗ ಸೌದಿ ಹೆಣ್ಣುಮಕ್ಕಳೂ ಕೆಲಸ ಮಾಡುತ್ತಾರೆ. ಕೊಲ್ಲಿಯ ಕರಾವಳಿಯಲ್ಲಿ ಹೆಂಗಸರಿಗೆ ‘ಶ್ಲೋನಿಚ್’, ‘ಹಾಲಿಚ್’ ಎನ್ನುತ್ತಾರೆ. ರಿಯಾದ್ ಕಡೆಯವರ ಬಾಯಲ್ಲಿ ಆ ‘ಚ್’ ಸುಮಾರಾಗಿ ‘ತ್ಸ್’ ಎಂದು ಕೇಳುತ್ತದೆ, ಈಜಿಪ್ಟ್ ಮತ್ತು ಸಿರಿಯಾದವರು ‘ಹಾಲಿಕ್’ ಎನ್ನುತ್ತಾರೆ. ಕುವೈತಿನಲ್ಲಿ ಇನ್ನೊಂದು ಗೊಂದಲವಿದೆ: ಇಲ್ಲಿ ಗಂಡಸರಿಗೇ ‘ಶ್ಲೋನಿಕ್’ ಎನ್ನುತ್ತಾರೆ. ಹೊಸಬರಿಗೆ ನನ್ನ ಸಲಹೆ ಎಂದರೆ, ಹೆಂಗಸರನ್ನು ತಾನಾಗಿ ಕುಶಲ ಕೇಳುವ ಬದಲು ಸಲಾಮ್ ಅಥವಾ ‘ಸಬಾಹ್ ಅಲ್ ಖೇರ್’ ಹೇಳಿ ಸುಮ್ಮನಾಗುವುದು. ಸಲಾಮ್‌ನ ‘ಕುಮ್’ ಬಹುವಚನ, ಅದು ಗಂಡಸರಿಗೂ ಹೆಂಗಸರಿಗೂ ಬದಲಾಗುವುದಿಲ್ಲ. ಹಸ್ತಲಾಘವಕ್ಕೆ ತಾನಾಗಿ ಕೈ ಚಾಚಬಾರದು. ಬಲಗೈಯನ್ನು ಎದೆಯ ಮೇಲಿಟ್ಟು ತಲೆ ತುಸು ಬಾಗಿಸಿದರೆ ಸಾಕು.

ನನ್ನ ಕೆಲಸದಲ್ಲಿ ಬೇರೆ ಒಂದು ಜೋಡಿ ಬೇಕಾಗುತ್ತದೆ, ಅವನಿಗೂ ಉಪಯೋಗವಾದೀತು. ಯಾರಾದರೂ ಕಾಯಿಲೆ ಬಿದ್ದು ರಜೆಯ ನಂತರ ಕಚೇರಿಗೆ ಬಂದಾಗ ‘ಸಲಾಮ್‌ತಕ್’ ಅಥವಾ ‘ಮಾ ತ್ಶೂಫ್ ಶರ್’ ಎನ್ನಬೇಕು. ‘ನಿಮಗೆ ಕೆಡುಕು ಕಾಣದಿರಲಿ’ ಎಂದು ಅದರ ಅರ್ಥ. ಅವರು ‘ಅಲ್ಲಾಹ್ ಯಸಲ್ಲಿಮಕ್’ ಅಥವಾ ‘ಅಶ್ಶರ್ ಮಾ ಯಜೀಕ್’ ಎಂದು ಉತ್ತರಿಸುತ್ತಾರೆ. ಇವನಿಗೇ ಜ್ವರ ಬಂದಾಗ ಯಾರಾದರೂ ಹಾಗೆಂದರೆ ಇವನೂ ಅದೇ ಉತ್ತರ ಕೊಡಬೇಕು. ಮೊದಲ ವರ್ಷ ನಾನು ಈ ಮಾತನ್ನು ಆಸ್ಪತ್ರೆಯ ಮುದುಕಿಯರಿಂದಲೇ ಕಲಿತೆ.

ಲಿಪಿ ಆಸಕ್ತ:
ಕನ್ನಡ ಅಕ್ಷರದಲ್ಲಿ ಬರೆಯುವ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ನಾನು ಸ್ವಲ್ಪ ಬರೆಯುತ್ತೇನೆ. ನಮ್ಮ ಲಿಪಿಗೆ ಒಂದು ದೊಡ್ಡ ಅನುಕೂಲವಿದೆ: ದೀರ್ಘ ಸ್ವರ ಮತ್ತು ಒತ್ತಕ್ಷರಗಳನ್ನು ಅದು ನಿಖರವಾಗಿ ತೋರಿಸುತ್ತದೆ, ಅರಬಿಯಲ್ಲಿ ಅರ್ಥ ಬದಲಾಗುವುದೂ ಹೆಚ್ಚಾಗಿ ಅಲ್ಲಿಯೇ. ‘ಹಮಾಮ್’ ಎಂದರೆ ಪಾರಿವಾಳ, ‘ಹಮ್ಮಾಮ್’ ಎಂದರೆ ಸ್ನಾನದ ಮನೆ, ಶೌಚಾಲಯ. ಅತಿಥಿಯೊಬ್ಬರು ಹಮ್ಮಾಮ್ ಎಲ್ಲಿ ಎಂದು ಕೇಳುವುದು ಆಫೀಸ್ ಬಾಯ್‌ನನ್ನೇ ಅಲ್ಲವೇ? ಇಂಗ್ಲಿಷ್ ಅಕ್ಷರದ ಪಟ್ಟಿಗಳಲ್ಲಿ ಈ ವ್ಯತ್ಯಾಸ ಅನೇಕ ಸಲ ಮಾಯವಾಗಿರುತ್ತದೆ. ಆದ್ದರಿಂದ ಒತ್ತಕ್ಷರ ಎಲ್ಲಿದೆಯೋ ಅಲ್ಲಿ ಬಿಡದೆ ಬರೆಯಿರಿ, ‘ತ್ಫದ್ದಲ್’ ಎಂಬಲ್ಲಿ ‘ದ್ದ’ ಇರಲೇಬೇಕು.

ತೊಂದರೆ ಇರುವುದು ನಾಲ್ಕೈದು ಧ್ವನಿಗಳಲ್ಲಿ. ಅರಬಿಯ ‘ಖ’ ನಮ್ಮ ‘ಖಗ’ದ ಖ ಅಲ್ಲ, ಗಂಟಲಿನ ಮೇಲ್ಭಾಗದಲ್ಲಿ ಉಸಿರು ಉಜ್ಜಿ ಬರುವ ಧ್ವನಿ. ‘ಫ’ ಎಂದರೆ ‘ಫಲ’ದ ಫ ಅಲ್ಲ, ‘ಫ್ಯಾನ್’ ಎನ್ನುವಾಗಿನ ಫ. ಇವೆರಡರ ಕೆಳಗೆ ಚುಕ್ಕೆ ಇಟ್ಟು ‘ಖ಼’, ‘ಫ಼’ ಎಂದು ಬರೆದುಕೊಟ್ಟರೆ ಹುಡುಗನಿಗೆ ನೆನಪಿರುತ್ತದೆ. ‘ಹ’ ಎರಡಿವೆ, ‘ಹಮ್ದು’, ‘ಹಾಲ್’, ‘ಸಬಾಹ್’ ಎಂಬವುಗಳಲ್ಲಿರುವುದು ಕನ್ನಡಕ ಒರೆಸುವ ಮುನ್ನ ಗಾಜಿಗೆ ಬಾಯಿಂದ ಉಸಿರು ಬಿಡುವಾಗಿನ ಬಿಗಿಯಾದ ಹ. ‘ಅಫ್ವನ್’, ‘ಆಫಿಯಾ’, ‘ಅಲೈಕುಮ್’ ಎಂಬವುಗಳ ಮೊದಲಿಗೆ ಗಂಟಲು ಬಿಗಿಯುವ ಒಂದು ವ್ಯಂಜನವಿದೆ, ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಅದನ್ನು ಬಿಟ್ಟು ‘ಅ’ ಎಂದರೂ ಈ ವಂದನೆಗಳಲ್ಲಿ ಯಾರಿಗೂ ಅಪಾರ್ಥವಾಗುವುದಿಲ್ಲ. ಆದರೆ ‘ಹೃದಯ’ ಎಂಬ ಅರ್ಥದ ಪದವನ್ನು ಮಾತ್ರ ಜಾಗ್ರತೆಯಾಗಿ ಹೇಳಬೇಕು: ಕೊಲ್ಲಿಯಲ್ಲಿ ಅದು ‘ಗಲ್ಬ್’. ಅದನ್ನು ‘ಕಲ್ಬ್’ ಎಂದರೆ ನಾಯಿ ಎಂದಾಗುತ್ತದೆ. ಅರಬಿಯ ಗಂಟಲಿನ ‘ಕ’ ಕೊಲ್ಲಿಯಲ್ಲಿ ‘ಗ’ ಆಗುವುದರಿಂದಲೇ ಅಲ್ಲಿ ಕಾಫಿ ‘ಗಹ್ವಾ’.

ಹಳೆಯ ಟೀ ಬಾಯ್:
ಗಹ್ವಾದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ರಿಯಾದ್‌ನಲ್ಲಿ ಇದೇ ಕೆಲಸ ಮಾಡಿ ಊರಿಗೆ ಮರಳಿದವನು. ಬಾಯಿಮಾತಿನ ಜೊತೆ ಕೈಯ ಮರ್ಯಾದೆಯೂ ಗೊತ್ತಿರಬೇಕು, ಏಕೆಂದರೆ ಅತಿಥಿ ಬಂದಾಗ ಮಾತಿಗಿಂತ ಮೊದಲು ನೋಡುವುದು ಕೈಯನ್ನೇ.

ಸೌದಿ ಗಹ್ವಾ ನಮ್ಮ ಕಾಫಿಯಂತಲ್ಲ. ತಿಳಿ ಬಣ್ಣದ್ದು, ಏಲಕ್ಕಿ ಹಾಕಿದ್ದು, ಸಕ್ಕರೆ ಇಲ್ಲದ್ದು. ಪಕ್ಕದಲ್ಲಿ ಖರ್ಜೂರ ಇರುತ್ತದೆ. ಕೊಕ್ಕಿನಂಥ ಮೂತಿ ಇರುವ ಪಾತ್ರೆ ‘ದಲ್ಲಾ’, ಹಿಡಿಯಿಲ್ಲದ ಪುಟ್ಟ ಬಟ್ಟಲು ‘ಫಿಂಜಾನ್’. ದಲ್ಲಾವನ್ನು ಎಡಗೈಯಲ್ಲಿ ಹಿಡಿಯಬೇಕು, ಫಿಂಜಾನ್ ಕೊಡುವುದು ಬಲಗೈಯಲ್ಲಿ ಮಾತ್ರ. ಮುಖ್ಯ ಅತಿಥಿಯಿಂದ ಅಥವಾ ಹಿರಿಯರಿಂದ ಆರಂಭಿಸಬೇಕು. ಬಟ್ಟಲು ತುಂಬಿಸಬಾರದು, ತಳದಲ್ಲಿ ಮೂರನೇ ಒಂದು ಭಾಗದಷ್ಟು ಸಾಕು. ತುಂಬಿಸಿ ಕೊಟ್ಟರೆ ‘ಕುಡಿದು ಬೇಗ ಹೊರಡಿ’ ಎಂದಂತೆ ಎಂದು ಹಳಬರು ತಿಳಿಯುತ್ತಾರೆ. ಕೊಡುವಾಗ ‘ತ್ಫದ್ದಲ್’ ಎನ್ನಬಹುದು, ರಿಯಾದ್ ಕಡೆ ‘ಸಮ್’ ಎನ್ನುತ್ತಾರೆ. ಕೊಟ್ಟು ಹೊರಟುಹೋಗಬಾರದು, ಅಲ್ಲಿಯೇ ನಿಂತಿರಬೇಕು. ಅತಿಥಿ ಬರಿದಾದ ಬಟ್ಟಲನ್ನು ಸುಮ್ಮನೆ ಚಾಚಿದರೆ ಇನ್ನಷ್ಟು ಬೇಕು ಎಂದು, ಬೆರಳಲ್ಲಿ ಹಿಡಿದು ಎಡಬಲಕ್ಕೆ ಅಲುಗಾಡಿಸಿದರೆ ಸಾಕು ಎಂದು ಅರ್ಥ. ಈ ಸನ್ನೆ ಗೊತ್ತಿಲ್ಲದೆ, ಅಲುಗಾಡಿಸುತ್ತಿರುವ ಬಟ್ಟಲಿಗೇ ಮತ್ತೆ ಮತ್ತೆ ಸುರಿಯುವ ಹುಡುಗರನ್ನು ನಾನು ಕಂಡಿದ್ದೇನೆ. ಕೊಲ್ಲಿಯ ಈ ಕಾಫಿ ಉಪಚಾರವನ್ನು 2015ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಆದ್ದರಿಂದ ಅವರಿಗೆ ಅದರ ಬಗ್ಗೆ ಅಭಿಮಾನ ಇನ್ನೂ ಹೆಚ್ಚು.

ಕರೆದಾಗ ‘ಹಾಂ’, ‘ಕ್ಯಾ’ ಎನ್ನುವ ಬದಲು ‘ಸಮ್’ ಎಂದು ಓಗೊಟ್ಟರೆ ಸೌದಿಗಳಿಗೆ ಬಹಳ ಹಿತವಾಗುತ್ತದೆ. ‘ಅಪ್ಪಣೆಯಾಗಲಿ’ ಎಂದಂತೆ ಅದು. ವಯಸ್ಸಾದವರಿಗೆ ‘ಸಮ್, ತಾಲ್ ಉಮ್ರಕ್’, ಅಂದರೆ ‘ನಿಮ್ಮ ಆಯುಷ್ಯ ಹೆಚ್ಚಲಿ’, ಎಂದು ಸೇರಿಸಿ ಹೇಳುವುದೂ ಉಂಟು.

ಭಟ್ಕಳದ ಓದುಗ:
‘ತಾಲ್ ಉಮ್ರಕ್’ ಎಂಬುದು ಅತಿಯಾಯಿತು ಎಂದು ನನಗೆ ತೋರುತ್ತದೆ. ಅದು ರಾಜರಿಗೆ, ಶೇಖರಿಗೆ ಹೇಳುವ ಮಾತು. ಆಫೀಸ್ ಬಾಯ್ ಹಾಗೆಂದರೆ ಮುಖಸ್ತುತಿ ಎನಿಸುವುದಿಲ್ಲವೇ?

ಹಳೆಯ ಟೀ ಬಾಯ್:
ನನ್ನ ಕಚೇರಿಯಲ್ಲಿ ಸೌದಿ ಗುಮಾಸ್ತರೇ ಪರಸ್ಪರ ಹೇಳಿಕೊಳ್ಳುತ್ತಿದ್ದರು. ಯಾರಿಗೂ ಅತಿ ಎನಿಸಿರಲಿಲ್ಲ.

ಖೋಬರ್ ವಾಸಿ:
ಇದು ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ. ನನ್ನಲ್ಲಿ ಈಜಿಪ್ಟಿನವರೇ ಹೆಚ್ಚು, ಅವರು ಆ ಮಾತನ್ನು ಬಳಸುವುದಿಲ್ಲ. ಅವರ ‘ಇಝ್ಝಯ್ಯಕ್’ ಎಂಬುದು ನಮ್ಮ ‘ಶ್ಲೋನಕ್’ಗೆ ಸಮ, ಅದಕ್ಕೂ ಉತ್ತರ ‘ಅಲ್ ಹಮ್ದುಲಿಲ್ಲಾಹ್’ ಒಂದೇ. ಎಂಜಿನಿಯರಿಂಗ್ ಸಂಸ್ಥೆ ಎಂದಿದ್ದೀರಿ, ಎಂಜಿನಿಯರರನ್ನು ‘ಬಾಶ್‌ಮುಹಂದಿಸ್’ ಎಂದು ಕರೆದರೆ ಈಜಿಪ್ಟಿನವರು ಖುಷಿಪಡುತ್ತಾರೆ. ಉಳಿದವರಿಗೆ ಹೆಸರಿನ ಮೊದಲು ‘ಉಸ್ತಾದ್’ ಸೇರಿಸಬಹುದು. ಸೌದಿಗಳನ್ನು ಹಿರಿಯ ಮಗನ ಹೆಸರು ಹಿಡಿದು ‘ಅಬೂ’ ಸೇರಿಸಿ ಕರೆಯುವ ರೂಢಿ ಇದೆ, ಆದರೆ ಬೇರೆ ಸಿಬ್ಬಂದಿ ಹಾಗೆ ಕರೆಯುವುದನ್ನು ಕೇಳಿದ ಮೇಲೆಯೇ ಇವನು ಆರಂಭಿಸಲಿ. ಮನೆಯವರ ಕ್ಷೇಮ ವಿಚಾರಿಸುವುದಾದರೆ ‘ಕೇಫ್ ಅಲ್ ಅಹ್ಲ್’ ಎಂದು ಮನೆಮಂದಿಯನ್ನು ಒಟ್ಟಾಗಿ ಕೇಳಬೇಕು. ಹೆಂಡತಿಯ ಬಗ್ಗೆ ಬೇರೆಯಾಗಿ ಕೇಳುವುದು ಸಲ್ಲದು.

ಬೆಳಗಿನ ಒಂದು ಸಂದರ್ಭವನ್ನು ಪೂರ್ತಿ ಬರೆಯುತ್ತೇನೆ, ಅವನು ಬಾಯಿಪಾಠ ಮಾಡಲಿ. ಇವನು ಬಾಗಿಲು ತಟ್ಟಿ ಒಳಗೆ ಹೋಗಿ ‘ಅಸ್ಸಲಾಮು ಅಲೈಕುಮ್’ ಎನ್ನುತ್ತಾನೆ. ಮ್ಯಾನೇಜರ್ ಕಾಗದದಿಂದ ತಲೆ ಎತ್ತದೆ ‘ವ ಅಲೈಕುಮುಸ್ಸಲಾಮ್, ಶ್ಲೋನಕ್?’ ಎನ್ನುತ್ತಾರೆ. ಇವನು ‘ಅಲ್ ಹಮ್ದುಲಿಲ್ಲಾಹ್’ ಎನ್ನುತ್ತಾನೆ. ಅವರು ಮತ್ತೆ ‘ಶಖ್‌ಬಾರಕ್? ಕುಲ್ಲ್ ಶೇ ತಮಾಮ್?’ ಎನ್ನುತ್ತಾರೆ. ಆಗ ಹೊಸಬರು ತಬ್ಬಿಬ್ಬಾಗುತ್ತಾರೆ. ಈಗಷ್ಟೇ ಉತ್ತರಿಸಿದೆನಲ್ಲ, ಮತ್ತೇಕೆ ಕೇಳುತ್ತಾರೆ ಎಂದು. ಅದು ಪ್ರಶ್ನೆಯಲ್ಲ, ರೂಢಿ. ಮತ್ತೆ ‘ತಮಾಮ್, ಅಲ್ ಹಮ್ದುಲಿಲ್ಲಾಹ್’ ಎಂದರಾಯಿತು. ಕೋಣೆಯ ಎಸಿ ಕೆಟ್ಟಿದೆ, ಸಂಬಳ ತಡವಾಗಿದೆ ಎಂಬ ದೂರುಗಳನ್ನು ಈ ಕುಶಲೋಪರಿಯ ನಡುವೆ ತೆಗೆಯಬಾರದು. ಅದು ಮುಗಿದ ಮೇಲೆ ‘ಲೌ ಸಮಹ್ತ್’ ಎಂದು ಬೇರೆಯಾಗಿ ಹೇಳಬೇಕು. ಬಳಿಕ ಚಹಾ ಇಟ್ಟು ‘ತ್ಫದ್ದಲ್’, ಅವರು ‘ಯಅತೀಕ್ ಅಲ್ ಆಫಿಯಾ’, ಇವನು ‘ಅಲ್ಲಾಹ್ ಯಆಫೀಕ್’. ಹಿಂದಕ್ಕೆ ಸರಿದು ಹೊರಗೆ.

ಚಹಾ ಕಾಗದದ ಮೇಲೆ ಚೆಲ್ಲಿದರೆ? ‘ಆಸಿಫ್’ ಎನ್ನಲಿ. ‘ಮಅಲೇಶ್’ ಎನ್ನುವುದು ಬೇಡ. ಅದನ್ನು ಕ್ಷಮೆಗೂ ಬಳಸುತ್ತಾರೆ, ಆದರೆ ‘ಪರವಾಗಿಲ್ಲ ಬಿಡಿ’ ಎಂಬ ಅರ್ಥವೂ ಅದಕ್ಕಿದೆ. ಚೆಲ್ಲಿದವನೇ ಹಾಗೆಂದರೆ ನೆನೆದ ನಕ್ಷೆ ಹಿಡಿದವರಿಗೆ ಸಿಟ್ಟು ಬರುತ್ತದೆ.

ರಾಯಚೂರಿನವ, ಈಗ ದುಬೈ:
‘ಇನ್ಶಾ ಅಲ್ಲಾಹ್’ ಬಗ್ಗೆ ಎಚ್ಚರ ಹೇಳಿ ಸಾರ್. ಅದರ ಅರ್ಥ ‘ಇಲ್ಲ’ ಎಂದೇ. ರಜೆ ಕೇಳಿದಾಗಲೆಲ್ಲ ನನಗೆ ಅದೇ ಉತ್ತರ ಸಿಕ್ಕಿದೆ.

ಕುವೈತಿನ ದಾದಿ, ಊರು ಉಡುಪಿ:
ನಿಮ್ಮ ಅನುಭವ ಹಾಗಿರಬಹುದು ಅಣ್ಣಾ, ಆದರೆ ಎಲ್ಲ ಕಡೆ ಹಾಗಲ್ಲ. ‘ನಾಳೆ ಏಳಕ್ಕೆ ಬಾ’ ಎಂದಾಗ ನಾನು ‘ಇನ್ಶಾ ಅಲ್ಲಾಹ್’ ಎಂದರೆ ಅದು ಒಪ್ಪಿಗೆಯೇ, ಬಾರದಿದ್ದರೆ ಕೇಳುತ್ತಾರೆ. ‘ದೇವರು ಬಯಸಿದರೆ’ ಎಂದು ಅದರ ನೇರ ಅರ್ಥ, ಮುಂದೆ ಆಗುವುದರ ಮಾತಿಗೆಲ್ಲ ಅದನ್ನು ಸೇರಿಸುವುದು ಇಲ್ಲಿನ ರೂಢಿ.

ಖೋಬರ್ ವಾಸಿ:
ಇಬ್ಬರ ಮಾತೂ ಒಂದೊಂದು ಸಂದರ್ಭಕ್ಕೆ ಸರಿ. ಕೆಳಗಿನವನು ಮೇಲಿನವರಿಗೆ ಹೇಳಿದಾಗ ಅದು ‘ಆಗಲಿ’ ಎಂಬ ಒಪ್ಪಿಗೆ. ಮೇಲಿನವರು ಕೋರಿಕೆಗೆ ಉತ್ತರವಾಗಿ ಹೇಳಿದಾಗ ಮಾತ್ರ ಅದನ್ನು ಧ್ವನಿ ನೋಡಿ ತಿಳಿಯಬೇಕಾಗುತ್ತದೆ, ನನಗೂ ಪ್ರತಿ ಸಲ ತಿಳಿಯುವುದಿಲ್ಲ. ಮೆಲ್ಲಗೆ ‘ಮತಾ, ಲೌ ಸಮಹ್ತ್?’, ಅಂದರೆ ‘ಯಾವಾಗ, ದಯವಿಟ್ಟು ಹೇಳುವಿರಾ?’ ಎಂದು ಕೇಳಿದರೆ, ದಿನ ಹೇಳಿದರೆ ಹೌದು, ಮತ್ತೆ ‘ಇನ್ಶಾ ಅಲ್ಲಾಹ್’ ಎಂದರೆ ಕಾಯಬೇಕು.

ಬೈಂದೂರಿನ ಭಾವ:
ಎಲ್ಲರಿಗೂ ಕೃತಜ್ಞತೆಗಳು. ಜೋಡಿಗಳನ್ನು ಬರೆದು, ಖ ಮತ್ತು ಫ ಕೆಳಗೆ ಚುಕ್ಕೆ ಇಟ್ಟು, ರಾತ್ರಿ ಊಟದ ನಂತರ ಅವನೊಂದಿಗೆ ಹೇಳಿಸಿ ನೋಡಿದೆ. ‘ಯಅತೀಕ್’ ಎಂಬುದನ್ನು ‘ಯತೀಕ್’ ಎನ್ನುತ್ತಾನೆ, ನಡುವೆ ಗಂಟಲು ತಡೆಯುವುದು ಬರುತ್ತಿಲ್ಲ. ಹಾಗೆಯೇ ಹೇಳಿದರೆ ನಡೆಯುತ್ತದೆಯೇ?

ಲಿಪಿ ಆಸಕ್ತ:
ನಡೆಯುತ್ತದೆ. ಹಾಳೆಯಲ್ಲಿ ‘ಯ’, ‘ಅ’, ‘ತೀಕ್’ ಇವುಗಳ ನಡುವೆ ಅಡ್ಡಗೆರೆ ಹಾಕಿ ‘ಯ-ಅ-ತೀಕ್’ ಎಂದು ಬರೆಯಿರಿ, ಅಲ್ಲಿ ಕ್ಷಣ ತಡೆದು ಹೇಳಲಿ. ಉಳಿದದ್ದು ಅಲ್ಲಿ ಕೇಳಿ ಕೇಳಿ ಸರಿಹೋಗುತ್ತದೆ.

ಹಳೆಯ ಟೀ ಬಾಯ್:
ಅವನು ಕ್ಷೌರ ಮಾಡಿಸಿಕೊಂಡ ದಿನ ಯಾರಾದರೂ ‘ನಈಮನ್’ ಎಂದರೆ ಗಾಬರಿಯಾಗಬಾರದು ಎಂದೂ ಹೇಳಿ. ಹೊಸದಾಗಿ ಕೂದಲು ಕತ್ತರಿಸಿಕೊಂಡವರಿಗೆ, ಸ್ನಾನ ಮಾಡಿ ಬಂದವರಿಗೆ ಹೇಳುವ ಮಾತದು. ಉತ್ತರ ‘ಅಲ್ಲಾಹ್ ಯಿನ್‌ಅಮ್ ಅಲೇಕ್’.